ಅಕ್ಷಯುಗವೂ ಚಿಕ್ಕಬೆಟ್ಟದ ಶಾಸನವೂ
(ಪ್ರಥಮ ವರ್ಷದ ಇತಿಹಾಸ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಟಿಪ್ಪಣಿ)



ಗಾಡಿಯ ಚಕ್ರ ಅಚ್ಚಿನ ಸುತ್ತ ತಿರುಗುತ್ತದೆ. ಮನುಷ್ಯನ ಇತಿಹಾಸಕ್ಕೂ ಅಂಥದೊಂದು ಅಚ್ಚು ಇದೆಯೆಂದು ಜರ್ಮನಿಯ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1949ರಲ್ಲಿ ಬರೆದರು. ಕ್ರಿ.ಪೂ. 800ರಿಂದ 200ರವರೆಗಿನ ಅವಧಿಗೆ ಅವರು ಕೊಟ್ಟ ಹೆಸರೇ ಅಕ್ಷಯುಗ. ಚೀನಾದಲ್ಲಿ ಕನ್‌ಫ್ಯೂಷಿಯಸ್, ಇಲ್ಲಿ ಉಪನಿಷತ್ತಿನ ಋಷಿಗಳು ಮತ್ತು ಬುದ್ಧ, ಇಸ್ರೇಲಿನಲ್ಲಿ ಪ್ರವಾದಿಗಳು, ಗ್ರೀಸಿನಲ್ಲಿ ಪ್ಲೇಟೊ ಈ ಅವಧಿಯವರು. ಒಬ್ಬರಿಗೊಬ್ಬರ ಪರಿಚಯವಿಲ್ಲದೆಯೇ ಇವರೆಲ್ಲ ಅರಸನ ಆಜ್ಞೆಗೂ ಕುಲದ ಕಟ್ಟಳೆಗೂ ಮೇಲಾದ ಸತ್ಯವೊಂದನ್ನು ಹುಡುಕಿದರು ಎಂಬುದು ಅವರ ವಾದ. ಮಹಾವೀರನೂ ಇದೇ ಕಾಲದವನು.

ಈ ವಾದಕ್ಕೆ ಮುಖ್ಯವಾಗಿ ಎರಡು ಆಕ್ಷೇಪಗಳಿವೆ. ಮೊದಲನೆಯದು, ಗೆರೆ ಎಳೆದದ್ದರ ಬಗ್ಗೆ. ಈಜಿಪ್ಟಿನ ಅರಸ ಅಖೆನಾತೆನ್ ಏಕದೇವೋಪಾಸನೆ ತಂದದ್ದು ಕ್ರಿ.ಪೂ. 14ನೆಯ ಶತಮಾನದಲ್ಲಿ. ಯೇಸು, ಮಹಮ್ಮದರು ಬಂದದ್ದು ಆ ಅವಧಿ ಮುಗಿದ ಮೇಲೆ. ಇವರನ್ನು ಹೊರಗಿಟ್ಟು ಯುಗವನ್ನು ಗುರುತಿಸುವುದು ಹೇಗೆ? ಎರಡನೆಯದು ಇನ್ನೂ ಆಳದ್ದು. ಈಜಿಪ್ಟಿನ ಇತಿಹಾಸತಜ್ಞ ಯಾನ್ ಅಸ್ಮಾನ್ ಅವರ ಪ್ರಕಾರ ಒಬ್ಬ ಮಹಾತ್ಮ ಹುಟ್ಟಿದ ಮಾತ್ರಕ್ಕೆ ಯುಗ ಬದಲಾಗದು. ಅವನ ಮಾತನ್ನು ಬರೆದು, ಪವಿತ್ರವೆಂದು ಕಾಪಾಡಿ, ತಲೆಮಾರುಗಳಿಗೆ ಕಲಿಸಿದಾಗಲೇ ಅದು ಉಳಿಯುತ್ತದೆ.

ಇದನ್ನು ನಮ್ಮ ಜಿಲ್ಲೆಯಲ್ಲೇ ಪರೀಕ್ಷಿಸಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವಿದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಅದನ್ನು ಪ್ರಕಟಿಸಿದರು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡರು, ಜೈನಸಂಘ ದಕ್ಷಿಣಕ್ಕೆ ಬಂತು, ಪ್ರಭಾಚಂದ್ರ ಎಂಬ ಆಚಾರ್ಯರು ಈ ಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು ಎಂದು ಅದು ಹೇಳುತ್ತದೆ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಭದ್ರಬಾಹು, ಚಂದ್ರಗುಪ್ತ ಎಂಬ ಮುನಿಗಳ ಜೋಡಿ ಕಾಣಸಿಗುವುದು ಅನಂತರದ ಶಾಸನದಲ್ಲಿ.

ಪರಂಪರೆಯಂತೆ ಆ ವಲಸೆ ನಡೆದದ್ದು ಮೌರ್ಯ ಚಂದ್ರಗುಪ್ತನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 300ರ ಆಸುಪಾಸಿನಲ್ಲಿ. ನಡೆದದ್ದಕ್ಕೂ ಬರೆದದ್ದಕ್ಕೂ ನಡುವೆ ಒಂಬೈನೂರು ವರ್ಷಗಳ ಅಂತರ! ಶಾಸನ ಹೇಳುವ ಭದ್ರಬಾಹು ಆ ಪ್ರಾಚೀನರೋ, ಅದೇ ಹೆಸರಿನ ಬೇರೊಬ್ಬ ಆಚಾರ್ಯರೋ ಎಂದು ವಿದ್ವಾಂಸರು ವಾದಿಸಿದ್ದು ಈ ಕಾರಣದಿಂದಲೇ. ಕಥೆ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕ್ರಿ.ಪೂ. 300ರ ಘಟನೆಗೆ ಈ ಬಂಡೆ ಕಣ್ಣಾರೆ ಕಂಡ ಸಾಕ್ಷಿಯಲ್ಲ. ಕ್ರಿ.ಶ. 600ರ ಜನ ಏನನ್ನು ನೆನಪಿಟ್ಟಿದ್ದರು ಎಂಬುದಕ್ಕೆ ಮಾತ್ರ ಅದು ನೇರ ಸಾಕ್ಷಿ.

ಅಕ್ಷಯುಗದ ಸಂಪರ್ಕ ಪಡೆಯದ ಜನರನ್ನು ಯಾಸ್ಪರ್ಸ್ ಇತಿಹಾಸದ ಹೊರಗಿಟ್ಟರು. ಅವರ ಅವಧಿಯ ಗೆರೆಯನ್ನೇ ಹಿಡಿದರೆ ಚಿಕ್ಕಬೆಟ್ಟದ ಶಾಸನ ಎಂಟು ಶತಮಾನ ತಡವಾಗಿ ಬಂದ ಪ್ರತಿಧ್ವನಿ. ಅಸ್ಮಾನ್ ಅವರ ಕಣ್ಣಿನಿಂದ ನೋಡಿದರೆ ಆ ವಿಚಾರವನ್ನು ಬಂಡೆಯಲ್ಲಿ ಕೊರೆದು ಉಳಿಸಿದ ಅನಾಮಧೇಯನೂ ಅದರ ಇತಿಹಾಸದಲ್ಲಿ ಪಾಲುದಾರ. ನನಗೆ ಎರಡನೆಯ ನೋಟವೇ ಸರಿಯೆನಿಸುತ್ತದೆ.

ಆದ್ದರಿಂದ ಯಾವುದೇ ‘ಯುಗ’ದ ಬಗ್ಗೆ ಓದುವಾಗ ಪಕ್ಕದಲ್ಲಿ ಎರಡು ಇಸವಿಗಳನ್ನು ಬರೆದುಕೊಳ್ಳಿ: ನಡೆದದ್ದು ಯಾವಾಗ, ಬರೆದದ್ದು ಯಾವಾಗ. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಗೊಮ್ಮಟನನ್ನು ನೋಡಿ ಹಿಂದಿರುಗಬೇಡಿ. ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ.