ರೈಲು ತಪ್ಪಿದವರಿಗೆ ಇನ್ನೊಂದು ಪ್ರಶ್ನೆಪತ್ರಿಕೆ

ನಾನು ಬಂಗಾರಪೇಟೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡ್ತೀನಿ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ, ಅದನ್ನ ಹೇಗೆ ತಿದ್ದಿಕೊಂಡೆ ಅನ್ನೋದರ ಬಗ್ಗೆ ಮಾತಾಡ್ತೀನಿ.

ನಮ್ಮ ಕಡೆ ಗೊತ್ತಿರೋರಿಗೆ ಗೊತ್ತು. ಕೆಜಿಎಫ್‌ನಿಂದ ಬಂಗಾರಪೇಟೆಗೆ ಮಾರಿಕುಪ್ಪಂ ಲೈನಿನ ರೈಲು ಬರುತ್ತೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ದಿನ ಶುರುವಾಗೋದೇ ಈ ರೈಲಿನಿಂದ. ದೊಡ್ಡವರು ಅದರಲ್ಲೇ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ, ನಮ್ಮ ಕೆಲವು ಮಕ್ಕಳು ಅದರಲ್ಲೇ ಶಾಲೆಗೆ ಬರ್ತಾರೆ.

ಒಂದು ದಿನ ಹತ್ತನೇ ತರಗತಿಗೆ ಕಿರುಪರೀಕ್ಷೆ ಇಟ್ಟಿದ್ದೆ. ಬೆಳಗಿನ ಜಾವದಿಂದ ಜೋರು ಮಳೆ. ಉರಿಗಾಂ, ಚಾಂಪಿಯನ್ ಕಡೆಯ ಆರು ಮಕ್ಕಳು ಬಂದು ಸೇರೋ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಎಸ್ಸೆಸ್ಸೆಲ್ಸಿಯ ನೂರು ಅಂಕದಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಇಂಥ ಪರೀಕ್ಷೆಗಳ ಅಂಕ ಆ 20ಕ್ಕೆ ಹೋಗಿ ಸೇರುತ್ತೆ. ಸೊನ್ನೆ ಹಾಕೋಕಾಗಲ್ಲ. ಅದೇ ಪತ್ರಿಕೆ ಕೊಡೋಣ ಅಂದ್ರೆ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಪ್ರಶ್ನೆಗಳೆಲ್ಲ ಎಲ್ಲರ ಬಾಯಲ್ಲಿದ್ದವು. ಹಾಗಾಗಿ ಇನ್ನೊಂದು ಪತ್ರಿಕೆ ಬರೀಬೇಕಾಯ್ತು.

ಮೂಲ ಪತ್ರಿಕೆ 25 ಅಂಕದ್ದು. ವರ್ಗ ಸಮೀಕರಣ ಮತ್ತು ಸಮಾಂತರ ಶ್ರೇಢಿ, ಎರಡು ಪಾಠ. ಒಂದು ಅಂಕದ್ದು 4, ಎರಡು ಅಂಕದ್ದು 4, ಮೂರು ಅಂಕದ್ದು 3, ನಾಲ್ಕು ಅಂಕದ್ದು 1. ನಾನು ಮಾಡಿದ್ದು ಏನಪ್ಪಾ ಅಂದ್ರೆ, ಇದೇ ಲೆಕ್ಕ ಇಟ್ಟುಕೊಂಡು ಅದೇ ಪಾಠಗಳಿಂದ ಬೇರೆ ಪ್ರಶ್ನೆ ಆರಿಸಿದೆ. ಕಾಗದದ ಮೇಲೆ ಎರಡೂ ಪತ್ರಿಕೆ ಒಂದೇ ಥರ ಕಾಣ್ತಿದ್ದವು. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು ಅಂತ ಖುಷಿಯೂ ಆಯ್ತು.

ಪರೀಕ್ಷೆ ನಡೀತಿರುವಾಗ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಎರಡು ಉತ್ರ ಬಂತು. ಯಾವ್ದು ಬರೀಲಿ?"

ಅದು ನಾಲ್ಕು ಅಂಕದ ಪ್ರಶ್ನೆ. ಮೂಲ ಪತ್ರಿಕೆಯಲ್ಲಿ ಹೀಗಿತ್ತು: 5, 9, 13... ಈ ಶ್ರೇಢಿಯ ಎಷ್ಟು ಪದಗಳ ಮೊತ್ತ 189? ಸೂತ್ರಕ್ಕೆ ಹಾಕಿದರೆ 2n² + 3n − 189 = 0 ಬರುತ್ತೆ. ಬಿಡಿಸಿದರೆ ಒಂದು ಉತ್ತರ 9, ಇನ್ನೊಂದು ಋಣಾತ್ಮಕ ಭಿನ್ನರಾಶಿ. ಪದಗಳ ಸಂಖ್ಯೆ ಋಣಾತ್ಮಕ ಆಗಲ್ಲ ಅಂತ ಮಕ್ಕಳಿಗೆ ಗೊತ್ತು, ಅದನ್ನ ಬಿಟ್ಟು 9 ಅಂತ ಬರೀತಾರೆ.

ನಾನು ಬದಲಿಗೆ ಕೊಟ್ಟಿದ್ದು: 18, 15, 12... ಎಷ್ಟು ಪದಗಳ ಮೊತ್ತ 54? ಇಲ್ಲಿ n² − 13n + 36 = 0. ಬಿಡಿಸೋದು ಮೊದಲಿನದಕ್ಕಿಂತ ಸುಲಭ. ಆದರೆ ಉತ್ತರ 4 ಮತ್ತು 9, ಎರಡೂ ಸರಿ. ಮೊದಲ ನಾಲ್ಕು ಪದ ಕೂಡಿದರೆ 54. ಆಮೇಲಿನ ಐದು ಪದ 6, 3, 0, −3, −6. ಅವುಗಳ ಮೊತ್ತ ಸೊನ್ನೆ, ಹಾಗಾಗಿ ಒಂಬತ್ತು ಪದ ಕೂಡಿದರೂ 54ೇ. ಇಳಿಯೋ ಶ್ರೇಢಿಯನ್ನ ತರಗತಿಯಲ್ಲಿ ನಾನು ಇಷ್ಟು ಬಿಡಿಸಿ ಹೇಳಿಯೇ ಇರಲಿಲ್ಲ. ಒಂದನ್ನ ಬಿಡಬೇಕು ಅಂತ ಅಭ್ಯಾಸವಾಗಿದ್ದ ಮಗು, ಯಾವುದನ್ನ ಬಿಡಲಿ ಅಂತ ಹತ್ತು ನಿಮಿಷ ಕೂತು ಯೋಚಿಸಿತು.

ಇನ್ನೊಂದು ತಪ್ಪು ಮೂರು ಅಂಕದ ಪ್ರಶ್ನೆಯಲ್ಲಿ. ಮೂಲದಲ್ಲಿ ಆಯತಾಕಾರದ ತೋಟ, ಉದ್ದ ಅಗಲಕ್ಕಿಂತ 5 ಮೀಟರ್ ಹೆಚ್ಚು, ವಿಸ್ತೀರ್ಣ 84 ಚದರ ಮೀಟರ್. x(x + 5) = 84 ಅಂತ ನೇರವಾಗಿ ಬರೀಬಹುದು. ನಾನು ಬದಲಿ ಪತ್ರಿಕೆಯಲ್ಲಿ ರೈಲಿನ ಪ್ರಶ್ನೆ ಹಾಕಿದ್ದೆ: 180 ಕಿಲೋಮೀಟರ್ ದೂರ, ವೇಗ ಗಂಟೆಗೆ 9 ಕಿಲೋಮೀಟರ್ ಹೆಚ್ಚಾದರೆ ಒಂದು ಗಂಟೆ ಉಳಿಯುತ್ತೆ, ಮೊದಲಿನ ವೇಗ ಎಷ್ಟು? ಇಲ್ಲಿ ಮೊದಲು ಎರಡು ಭಿನ್ನರಾಶಿ ಬರೀಬೇಕು, ಕಳೀಬೇಕು, ಅಡ್ಡಗುಣಾಕಾರ ಮಾಡಬೇಕು. ವರ್ಗ ಸಮೀಕರಣಕ್ಕೆ ಬಂದು ಸೇರೋದು ಅದಾದ ಮೇಲೆ. ಪಾಠ ಒಂದೇ, ಅಂಕ ಒಂದೇ, ನಡೆಯೋ ದಾರಿ ಮಾತ್ರ ಎರಡರಷ್ಟು. ಜೊತೆಗೆ ವಾಕ್ಯ ಉದ್ದ. ಮನೆಯಲ್ಲಿ ತಮಿಳು, ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡದಲ್ಲಿ ಓದೋ ಮಗುವಿಗೆ ಆ ಉದ್ದವೂ ಒಂದು ಭಾರವೇ.

ಯಾವಾಗಲೂ 18ರ ಆಸುಪಾಸು ತೆಗೆಯೋ ಆ ಹುಡುಗಿಗೆ 11 ಬಂತು. ಪತ್ರಿಕೆ ಕೈಗೆ ಕೊಟ್ಟಾಗ ಮೆಲ್ಲಗೆ ಕೇಳಿದಳು: "ರೈಲು ಲೇಟಾಗಿದ್ದಕ್ಕೆ ಕಷ್ಟದ್ದು ಕೊಟ್ರಾ ಸಾರ್?"

ಉತ್ತರ ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಆ ಅಂಕಗಳನ್ನ ರಿಜಿಸ್ಟರಿಗೆ ಏರಿಸಲಿಲ್ಲ. ಮುಖ್ಯೋಪಾಧ್ಯಾಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಮೂರನೇ ಪತ್ರಿಕೆ ಬರೆದೆ. ಈ ಸಲ ಪಾಠದಿಂದ ಶುರು ಮಾಡಲಿಲ್ಲ, ಮೂಲ ಪತ್ರಿಕೆಯ ಉತ್ತರಗಳಿಂದ ಶುರು ಮಾಡಿದೆ.

ಮೊದಲು ಮೂಲದ ಒಂದೊಂದು ಪ್ರಶ್ನೆಯನ್ನೂ ಮಗು ಬಿಡಿಸೋ ಹಾಗೆ ಪೂರ್ತಿ ಬಿಡಿಸಿ, ಹಂತಗಳನ್ನ ಎಣಿಸಿದೆ. ಎಲ್ಲೆಲ್ಲಿ ಮಗು ತೀರ್ಮಾನ ತಗೋಬೇಕೋ ಅಲ್ಲಿ ಗುರುತು ಹಾಕಿದೆ. ಆಮೇಲೆ ಅದೇ ಹಂತ, ಅದೇ ತೀರ್ಮಾನ ಇರೋ ಪ್ರಶ್ನೆ ಕಟ್ಟಿದೆ. ತೋಟದ ಬದಲು ಆಟದ ಮೈದಾನ: ಉದ್ದ 4 ಮೀಟರ್ ಹೆಚ್ಚು, ವಿಸ್ತೀರ್ಣ 96. ಶ್ರೇಢಿಗೆ 3, 7, 11... ಎಷ್ಟು ಪದಗಳ ಮೊತ್ತ 210? ಸಮೀಕರಣ 2n² + n − 210 = 0. ಉತ್ತರ 10, ಇನ್ನೊಂದು ಮೂಲದಲ್ಲಿದ್ದಂತೆ ಋಣಾತ್ಮಕ ಭಿನ್ನರಾಶಿ. ಯಾವ ಹಂತಕ್ಕೆ ಎಷ್ಟು ಅಂಕ ಅನ್ನೋ ಪಟ್ಟಿ ಎರಡಕ್ಕೂ ಒಂದೇ ಆಯ್ತು. ಹಳೇ ಅಂಕಪಟ್ಟಿ ಹೊಸ ಪತ್ರಿಕೆಗೆ ಹೊಂದದಿದ್ದರೆ ಪ್ರಶ್ನೆ ಬದಲಾಗಿದೆ ಅಂತಲೇ ಅರ್ಥ.

ಕೊನೆಗೆ ಎರಡೂ ಪತ್ರಿಕೆಯನ್ನ ನಮ್ಮ ವಿಜ್ಞಾನದ ಮೇಡಂಗೆ ಕೊಟ್ಟೆ. ಯಾವುದು ಮೂಲ, ಯಾವುದು ಬದಲಿ ಅಂತ ಹೇಳಲಿಲ್ಲ. ಎರಡನ್ನೂ ಬಿಡಿಸಿ ಸಮಯ ಬರೆದಿಡಿ ಅಂದೆ. ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಾಯ್ತು, ಕಷ್ಟದ್ದು ಯಾವುದು ಅಂತ ಅವರಿಗೆ ಹೇಳೋಕಾಗಲಿಲ್ಲ. ಬರೆದವನೇ ಬಿಡಿಸಿ ನೋಡಿದರೆ ಇದು ಗೊತ್ತಾಗಲ್ಲ. ಅವನಿಗೆ ಎಲ್ಲವೂ ಸುಲಭವೇ.

ಇದರಲ್ಲೂ ಒಂದು ಮಿತಿ ಇದೆ. ತಡವಾಗಿ ಬರೆಯೋರಿಗೆ ಓದೋಕೆ ಹೆಚ್ಚು ದಿನ ಸಿಗುತ್ತೆ, ನನ್ನ ಈ ಆರು ಮಕ್ಕಳಿಗೆ ಒಂದು ಪತ್ರಿಕೆ ಬರೆದ ಅಭ್ಯಾಸವೂ ಸಿಕ್ಕಿತ್ತು. ಅದನ್ನ ಅಳೆದು ಕಳೆಯೋಕಾಗಲ್ಲ. ಈಗ ನಾನು ಮಾಡೋದು ಇಷ್ಟು: ಬದಲಿ ಪರೀಕ್ಷೆ ಎರಡು ಮೂರು ದಿನದೊಳಗೆ ಮುಗಿಸ್ತೀನಿ, ಅಲ್ಲಿವರೆಗೆ ಮೂಲ ಪತ್ರಿಕೆಯ ಉತ್ತರ ಬೋರ್ಡ್ ಮೇಲೆ ಬಿಡಿಸಲ್ಲ. ಮತ್ತೆ, ಆರೇ ಮಕ್ಕಳ ಸರಾಸರಿ ನೋಡಿ ಪತ್ರಿಕೆ ಸಮ ಇತ್ತೋ ಇಲ್ಲವೋ ಅಂತ ತೀರ್ಮಾನಿಸೋಕೂ ಹೋಗಲ್ಲ. ಪ್ರತಿ ಮಗುವಿನ ಹಿಂದಿನ ಅಂಕದ ಪಕ್ಕ ಇಟ್ಟು ನೋಡ್ತೀನಿ. ಎಲ್ಲರೂ ಒಟ್ಟಿಗೆ ಕೆಳಗಿಳಿದಿದ್ದರೆ ಯಾವ ಪ್ರಶ್ನೆಯಲ್ಲಿ ಇಳಿದರು ಅಂತ ಹುಡುಕ್ತೀನಿ.

ಈಗ ಪರೀಕ್ಷೆಯ ಹಿಂದಿನ ದಿನವೇ ಎರಡು ಪತ್ರಿಕೆ ಒಟ್ಟಿಗೆ ಬರೆದು, ಒಂದನ್ನ ಬೀರುವಿನಲ್ಲಿ ಇಡ್ತೀನಿ. ಯಾವುದನ್ನ ಮೊದಲು ಕೊಡೋದು ಅಂತ ಬೆಳಿಗ್ಗೆ ಚೀಟಿ ಎತ್ತಿ ನೋಡ್ತೀನಿ. ಆಗ ಯಾವುದೂ ಬದಲಿ ಅಲ್ಲ.

ಆ ಹುಡುಗಿಗೆ ಮೂರನೇ ಪತ್ರಿಕೆಯಲ್ಲಿ 19 ಬಂತು. ಅದರಲ್ಲಿ ಎಷ್ಟು ಅಭ್ಯಾಸದ್ದು, ಎಷ್ಟು ಪತ್ರಿಕೆಯದ್ದು ಅಂತ ನಾನು ಹೇಳಲಾರೆ. 11 ಮಾತ್ರ ಅವಳದ್ದಾಗಿರಲಿಲ್ಲ, ನನ್ನದಾಗಿತ್ತು.