ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ: ಗ್ರಾಮಸಭೆಗಾಗಿ ಭಾಷಣದ ಪಠ್ಯ

(ಗ್ರಾಮಸಭೆಯಲ್ಲಿ ಅಧ್ಯಕ್ಷರು ಅಥವಾ ಸದಸ್ಯರು ಓದಲು ಅನುಕೂಲವಾಗುವಂತೆ ಸಿದ್ಧಪಡಿಸಲಾಗಿದೆ. ಓದುವ ಮುನ್ನ ಒಂದು ಗಟ್ಟಿಯಾದ ದಿಂಬನ್ನು ಅಥವಾ ಬಟ್ಟೆ ತುಂಬಿದ ಚೀಲವನ್ನು ವೇದಿಕೆಯಲ್ಲಿ ಇರಿಸಿಕೊಳ್ಳುವುದು.)



ಊರಿನಲ್ಲಿ ಯಾರಾದರೂ ಹಠಾತ್ತನೆ ಕುಸಿದು ಮರಣ ಹೊಂದಿದರೆ ‘ಹಾರ್ಟ್ ಅಟ್ಯಾಕ್ ಆಯಿತು’ ಎಂದು ಹೇಳುವುದು ವಾಡಿಕೆ. ಈ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಹೋಗಿವೆ. ಒಂದು ಹೃದಯಾಘಾತ, ಇನ್ನೊಂದು ಹೃದಯ ಸ್ತಂಭನ. ಮೊದಲನೆಯದರಲ್ಲಿ ರೋಗಿಯನ್ನು ಬೇಗನೆ ಆಸ್ಪತ್ರೆಗೆ ತಲುಪಿಸಬೇಕು. ಎರಡನೆಯದರಲ್ಲಿ ಆಸ್ಪತ್ರೆಯ ಹಾದಿ ಹಿಡಿಯುವುದಕ್ಕೂ ಮೊದಲು, ಬಿದ್ದ ಸ್ಥಳದಲ್ಲಿಯೇ ಎದೆಯನ್ನು ಒತ್ತಲು ಆರಂಭಿಸಬೇಕು. ಯಾವುದು ಯಾವುದೆಂದು ತಿಳಿಯದಿದ್ದರೆ ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ.

ಈ ವ್ಯತ್ಯಾಸವನ್ನು ನಮ್ಮ ಕುಡಿಯುವ ನೀರಿನ ವ್ಯವಸ್ಥೆಯ ಮೂಲಕ ಸುಲಭವಾಗಿ ಅರಿಯಬಹುದು. ಕೊಳವೆಬಾವಿಯ ಮೋಟಾರು ಸರಿಯಾಗಿ ನಡೆಯುತ್ತಿದೆ, ಆದರೆ ಒಂದು ಬೀದಿಯ ಪೈಪಿನಲ್ಲಿ ಕಸ ಸಿಕ್ಕಿಕೊಂಡಿದೆ ಎಂದುಕೊಳ್ಳೋಣ. ಆ ಬೀದಿಗೆ ಮಾತ್ರ ನೀರಿಲ್ಲ. ಹೃದಯಾಘಾತವೆಂದರೆ ಹೀಗೆ: ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಂಡಿರುತ್ತದೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ಆದ್ದರಿಂದ ರೋಗಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾನೆ, ನೋವನ್ನು ಹೇಳಿಕೊಳ್ಳುತ್ತಾನೆ.

ಇನ್ನು ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ಹೋದಾಗ ಏನಾಗುತ್ತದೆಂಬುದನ್ನು ನೀರಗಂಟಿಗಳೆಲ್ಲರೂ ಬಲ್ಲರು. ಚಾಲೂ ಮಾಡಿದರೆ ಮೋಟಾರು ‘ಗುಂಯ್’ ಎನ್ನುತ್ತದೆ, ಆದರೆ ತಿರುಗುವುದಿಲ್ಲ. ಯಾವ ಬೀದಿಗೂ ಒಂದು ಹನಿ ನೀರು ಬರುವುದಿಲ್ಲ. ಹೃದಯ ಸ್ತಂಭನವೂ ಬಹಳಷ್ಟು ಸಂದರ್ಭಗಳಲ್ಲಿ ಹೀಗೆಯೇ. ಹೃದಯವನ್ನು ನಡೆಸುವ ವಿದ್ಯುತ್ ಲಯ ಕೆಟ್ಟು, ಅದು ಬಡಿಯುವ ಬದಲು ಸುಮ್ಮನೆ ಅದುರುತ್ತದೆ. ಮಿದುಳಿಗೆ ರಕ್ತ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಏನೂ ಮಾಡದೆ ಕಳೆದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತಾ ಹೋಗುತ್ತದೆ.

ಹೃದಯಾಘಾತವೇ ಹೃದಯ ಸ್ತಂಭನಕ್ಕೆ ತಿರುಗುವುದೂ ಉಂಟು. ಅದು ಹೇಗೆಂಬುದನ್ನು ತಿಳಿಯಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ.

ಐವತ್ತೆರಡು ವರ್ಷದ ರೈತರೊಬ್ಬರಿಗೆ ನಸುಕಿನಲ್ಲಿ ಎದೆಯ ಮೇಲೆ ಕಲ್ಲಿಟ್ಟಂತಹ ಭಾರ. ಎಡತೋಳು ಹಾಗೂ ದವಡೆಯವರೆಗೂ ಸೆಳೆತ, ಮೈತುಂಬ ತಣ್ಣನೆಯ ಬೆವರು. ಅವರು ಅದನ್ನು ‘ಗ್ಯಾಸ್ಟ್ರಿಕ್’ ಎಂದು ತಿಳಿದು ಜೀರಿಗೆ ಕಷಾಯ ಕುಡಿಯುತ್ತಾರೆ. ಇದು ಹೃದಯಾಘಾತದ ಹಂತ. ಈ ಹಂತದಲ್ಲಿ ಎದೆಯನ್ನು ಒತ್ತಬಾರದು. ಅವರನ್ನು ಒರಗಿಸಿ ಕೂರಿಸಬೇಕು, ನಡೆಸಬಾರದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬಾರದು. 108ಕ್ಕೆ ಕರೆ ಮಾಡಬೇಕು. ಮಧುಮೇಹ ಇರುವವರಲ್ಲಿ ಹಾಗೂ ಮಹಿಳೆಯರಲ್ಲಿ ಎದೆನೋವಿಲ್ಲದೆ ಬರಿಯ ಉಬ್ಬಸ, ವಿಪರೀತ ಸುಸ್ತು ಅಥವಾ ಹೊಟ್ಟೆ ತೊಳಸುವಿಕೆ ಮಾತ್ರ ಕಾಣಿಸಬಹುದು ಎಂಬುದನ್ನು ಮನೆಯವರು ಗಮನದಲ್ಲಿಡಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ಆ ಮದ್ದು ಬೇಗ ಸಿಕ್ಕಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

ಆದರೆ ನಮ್ಮ ರೈತರು ಆಸ್ಪತ್ರೆಗೆ ಹೋಗಲಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಬಂದರು. ಸಾಲಿನಲ್ಲಿ ನಿಂತಿದ್ದವರು ಒಮ್ಮೆಲೇ ಕುಸಿದು ಬಿದ್ದರು. ಕೈಕಾಲು ಒಂದೆರಡು ಬಾರಿ ಅದುರಿದವು. ‘ಮೂರ್ಛೆರೋಗ’ ಎಂದು ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು. ಇನ್ನೊಬ್ಬರು ಮೂಗಿಗೆ ಈರುಳ್ಳಿ ಹಿಡಿದರು, ಮತ್ತೊಬ್ಬರು ಬಾಯಿಗೆ ನೀರು ಹಾಕಲು ಹೋದರು. ಅಷ್ಟರಲ್ಲಿ ಅವರು ಒಮ್ಮೆ ಗೊರಕೆ ಹೊಡೆದಂತೆ ಬಾಯಿ ತೆರೆದು ಉಸಿರೆಳೆದರು. ‘ಉಸಿರಾಡುತ್ತಿದ್ದಾನೆ, ಏನೂ ಆಗಿಲ್ಲ’ ಎಂದು ಎಲ್ಲರೂ ಸಮಾಧಾನಗೊಂಡರು.

ತಪ್ಪು ಆಗುವುದು ಇಲ್ಲಿಯೇ. ಹೃದಯ ನಿಂತ ನಂತರವೂ ಕೆಲವು ನಿಮಿಷಗಳವರೆಗೆ ನೀರಿನಿಂದ ಹೊರತೆಗೆದ ಮೀನಿನಂತೆ ಬಾಯಿ ತೆರೆದು, ಬಿಟ್ಟು ಬಿಟ್ಟು, ಸದ್ದಿನೊಡನೆ ಉಸಿರೆಳೆಯುವುದು ಸಾಮಾನ್ಯ. ಹಳ್ಳಿಗಳಲ್ಲಿ ಇದನ್ನು ಮೇಲುಸಿರು ಎನ್ನುತ್ತಾರೆ. ಇದು ನಿಜವಾದ ಉಸಿರಾಟವಲ್ಲ. ಇದು ಮಿದುಳಿನ ಬುಡದ ಕೊನೆಯ ಚಟುವಟಿಕೆ. ಮಿದುಳು ಇನ್ನೂ ಪೂರ್ತಿ ಸತ್ತಿಲ್ಲ, ಈಗಲೇ ಒತ್ತಿದರೆ ಉಳಿಸಬಹುದು ಎಂಬ ಸೂಚನೆ. ಬಿದ್ದೊಡನೆ ಕೈಕಾಲು ಅದುರುವುದೂ ಮಿದುಳಿಗೆ ರಕ್ತ ನಿಂತುದರಿಂದ ಆಗಬಹುದು.

ಆದ್ದರಿಂದ ಪರೀಕ್ಷೆ ಎರಡೇ. ಮೊದಲನೆಯದು, ಎರಡೂ ಭುಜಗಳನ್ನು ತಟ್ಟಿ ಗಟ್ಟಿಯಾಗಿ ಕೂಗುವುದು: ‘ಅಣ್ಣಾ, ಕೇಳಿಸುತ್ತಿದೆಯೇ?’ ಎರಡನೆಯದು, ಎದೆ ಮತ್ತು ಹೊಟ್ಟೆಯನ್ನು ನೋಡುವುದು, ಸಮನಾಗಿ ಏರಿಳಿಯುತ್ತಿದೆಯೇ? ಇದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸಮಯ ಬೇಡ. ನಾಡಿ ಹುಡುಕುತ್ತಾ ಕೂರಬಾರದು. ತರಬೇತಿ ಇಲ್ಲದವರಿಗೆ ಅದು ಸಿಗದೆ ಕಾಲಹರಣವಾಗುತ್ತದೆ, ಅಥವಾ ತಮ್ಮದೇ ಬೆರಳಿನ ಮಿಡಿತವನ್ನು ರೋಗಿಯದೆಂದು ಭ್ರಮಿಸುವಂತಾಗುತ್ತದೆ. ಉತ್ತರವಿಲ್ಲ, ಉಸಿರಾಟ ಸಹಜವಾಗಿಲ್ಲ ಎಂದಾದರೆ ಅದು ಹೃದಯ ಸ್ತಂಭನವೆಂದೇ ತಿಳಿದು ಕಾರ್ಯಪ್ರವೃತ್ತರಾಗಬೇಕು. ಅನುಮಾನವಿದ್ದರೂ ಒತ್ತುವುದೇ ಸರಿ. ಹೃದಯ ನಡೆಯುತ್ತಿರುವವರನ್ನು ತಪ್ಪಾಗಿ ಒತ್ತಿದರೆ ಅವರು ನರಳುತ್ತಾರೆ, ಕೈ ತಳ್ಳುತ್ತಾರೆ, ನಾವು ನಿಲ್ಲಿಸುತ್ತೇವೆ. ದೊಡ್ಡ ಹಾನಿಯಾಗುವುದು ಅಪರೂಪ. ಹೃದಯ ನಿಂತವರನ್ನು ಒತ್ತದೆ ಬಿಟ್ಟರೆ ಅವರು ಉಳಿಯುವುದಿಲ್ಲ.

ಈಗ ಡೇರಿಯ ಮುಂದೆ ಆಗಬೇಕಾದದ್ದನ್ನು ನೋಡೋಣ. ಒಬ್ಬರು ಮೊಬೈಲಿನ ಸ್ಪೀಕರ್ ಹಾಕಿ 108ಕ್ಕೆ ಕರೆ ಮಾಡಿ, ‘ಎಚ್ಚರವಿಲ್ಲ, ಉಸಿರಾಟವಿಲ್ಲ’ ಎಂದು ಮೊದಲು ಹೇಳಿ, ಊರು, ಹೋಬಳಿ, ತಾಲ್ಲೂಕು ಹಾಗೂ ಗುರುತಿನ ಸ್ಥಳವನ್ನು ತಿಳಿಸಬೇಕು. ಇನ್ನೊಬ್ಬರು ಆಂಬುಲೆನ್ಸಿಗೆ ದಾರಿ ತೋರಲು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಬೇಕು. ಅದೇ ಕ್ಷಣದಲ್ಲಿ ಮೂರನೆಯವರು ಒತ್ತಲು ಆರಂಭಿಸಿರಬೇಕು. ರೋಗಿಯನ್ನು ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಹೊರಡಬಾರದು. ಓಡುವ ಆಟೋದಲ್ಲಿ ಎದೆಯನ್ನು ಸರಿಯಾಗಿ ಒತ್ತಲಾಗದು.

ಒತ್ತುವ ಕ್ರಮ ಹೀಗಿದೆ. ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಮಂಚ, ಹಾಸಿಗೆ ಬೇಡ. ಪಕ್ಕದಲ್ಲಿ ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಯ ನಡುಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಇರಿಸಿ, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು ಬೆರಳುಗಳನ್ನು ಹೆಣೆದುಕೊಳ್ಳಬೇಕು. ಮೊಣಕೈ ಮಡಿಸದೆ, ಭುಜಗಳು ಕೈಗಳ ನೇರಕ್ಕೆ ಬರುವಂತೆ ಬಾಗಿ, ತೋಳಿನ ಬಲದಿಂದಲ್ಲ, ಮೈಭಾರದಿಂದ ಒತ್ತಬೇಕು. ಪ್ರತಿ ಒತ್ತಿಗೂ ಎದೆ 5ರಿಂದ 6 ಸೆಂಟಿಮೀಟರ್, ಅಂದರೆ ಎರಡು ಅಂಗುಲಕ್ಕೆ ತುಸು ಹೆಚ್ಚು, ತಗ್ಗಬೇಕು. ಬಳಿಕ ಭಾರವನ್ನು ಪೂರ್ತಿ ಬಿಡಬೇಕು. ಎದೆ ಮೇಲೇಳುವಾಗಲೇ ಹೃದಯಕ್ಕೆ ರಕ್ತ ಮರಳಿ ತುಂಬುತ್ತದೆ.

ವೇಗ ನಿಮಿಷಕ್ಕೆ 100ರಿಂದ 120. ಇದನ್ನು ಅಳೆಯಲು ಒಂದು ಉಪಾಯವಿದೆ: ಒಂದರಿಂದ ಹತ್ತರವರೆಗೆ ಎಣಿಸುತ್ತಾ ಒತ್ತಿದರೆ, ಆ ಹತ್ತು ಒತ್ತುಗಳು ಐದು ಸೆಕೆಂಡಿಗೆ ಮುಂಚೆ ಮುಗಿಯಬಾರದು, ಆರು ಸೆಕೆಂಡು ದಾಟಬಾರದು. ಪಕ್ಕದವರು ಗಡಿಯಾರ ನೋಡಿ ಹೇಳಬಹುದು. ಬಾಯಿಗೆ ಬಾಯಿಟ್ಟು ಗಾಳಿ ಊದುವ ಅಗತ್ಯ ಇಲ್ಲಿಲ್ಲ. ಹಠಾತ್ತನೆ ಕುಸಿದ ವಯಸ್ಕರ ರಕ್ತದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಬೇಕಾದ ಆಮ್ಲಜನಕ ಉಳಿದಿರುತ್ತದೆ. ಅದನ್ನು ಮಿದುಳಿಗೆ ತಲುಪಿಸುವುದೇ ನಮ್ಮ ಕೈಗಳ ಕೆಲಸ.

ಏಕೆ ನಿಲ್ಲಿಸಬಾರದು ಎಂಬುದನ್ನು ಊರಿನ ಕೈಪಂಪು ತಿಳಿಸುತ್ತದೆ. ಹಳೆಯ ಕೈಪಂಪನ್ನು ಮೊದಲ ಕೆಲವು ಸಲ ಹೊಡೆದಾಗ ನೀರು ಬರುವುದಿಲ್ಲ. ಬಿಡದೆ ಹೊಡೆದಾಗ ನೀರು ಏರಿ ಧಾರೆಯಾಗುತ್ತದೆ. ನಡುವೆ ಬಿಟ್ಟರೆ ಏರಿದ ನೀರು ಕೆಳಗಿಳಿದು, ಮತ್ತೆ ಮೊದಲಿನಿಂದ ಹೊಡೆಯಬೇಕಾಗುತ್ತದೆ. ರಕ್ತದ ಒತ್ತಡವೂ ಹೀಗೆಯೇ ಹಲವು ಒತ್ತುಗಳ ಬಳಿಕ ಏರುತ್ತದೆ, ನಿಲ್ಲಿಸಿದೊಡನೆ ಬೀಳುತ್ತದೆ. ಸರಿಯಾಗಿ ಒತ್ತುವವರಿಗೆ ಎರಡು ನಿಮಿಷಗಳಲ್ಲಿಯೇ ದಣಿವಾಗಿ, ತಮಗೆ ತಿಳಿಯದಂತೆಯೇ ಆಳ ಕಡಿಮೆಯಾಗುತ್ತದೆ. ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಬದಲಿ ವ್ಯಕ್ತಿ ಮೊದಲೇ ಎದುರು ಬದಿಯಲ್ಲಿ ಮಂಡಿಯೂರಿ ಸಿದ್ಧರಿರಬೇಕು.

ಒತ್ತುವಾಗ ಪಕ್ಕೆಲುಬು ಲಟಕ್ಕೆನ್ನಬಹುದು. ಗಾಬರಿಯಾಗದೆ, ಕೈ ನಡುಮೂಳೆಯ ಮೇಲೆಯೇ ಇದೆಯೆಂದು ನೋಡಿಕೊಂಡು ಮುಂದುವರಿಸಬೇಕು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಬಿದ್ದವರು ಮಹಿಳೆಯಾಗಿದ್ದರೆ ಮುಟ್ಟಲು ಸಂಕೋಚಪಟ್ಟು ಸುತ್ತಲಿನವರು ಹಿಂದೆ ಸರಿಯುವುದುಂಟು. ಸೀರೆ, ರವಿಕೆಯ ಮೇಲಿಂದಲೇ ಒತ್ತಬಹುದು, ಬಟ್ಟೆ ಸರಿಸಬೇಕಿಲ್ಲ. ಹೆಣ್ಣುಮಕ್ಕಳು ಸುತ್ತ ನಿಂತು ಮರೆ ಮಾಡಬಹುದು.

ಈ ವಿಧಾನಕ್ಕೂ ಮಿತಿಗಳಿವೆ. ಮಕ್ಕಳು, ಕೆರೆ ಬಾವಿಯಲ್ಲಿ ಮುಳುಗಿದವರು, ನೇಣಿನಿಂದ ಇಳಿಸಿದವರು ಉಸಿರಿಲ್ಲದೆ ಹೃದಯ ನಿಂತವರಾಗಿರುತ್ತಾರೆ. ಅವರಿಗೆ ಗಾಳಿ ಊದುವುದೂ ಬೇಕು. ಅದನ್ನು ಬಲ್ಲವರು ಇಲ್ಲದಿದ್ದರೆ ಒತ್ತುವುದನ್ನಾದರೂ ಮಾಡಬೇಕು. ಪಂಪ್‌ಸೆಟ್ಟಿನ ಬಳಿ ಬಿದ್ದವರನ್ನು ಮುಟ್ಟುವ ಮೊದಲು ವಿದ್ಯುತ್ ಸಂಪರ್ಕ ಕಡಿಯಲೇಬೇಕು. ಕೈಯಿಂದ ಒತ್ತುವುದು ಸಹಜ ರಕ್ತಸಂಚಾರದ ಮೂರನೆಯ ಒಂದು ಭಾಗವನ್ನೂ ಮೀರದು. ಅದುರುತ್ತಿರುವ ಹೃದಯವನ್ನು ಲಯಕ್ಕೆ ತರಲು ಯಂತ್ರದ ವಿದ್ಯುತ್ ಆಘಾತವೇ ಬೇಕು. ಆ ಯಂತ್ರ ತಲುಪುವವರೆಗೆ ಮಿದುಳನ್ನು ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ. ಚೆನ್ನಾಗಿ ಒತ್ತಿದರೂ ಎಲ್ಲರೂ ಉಳಿಯುವುದಿಲ್ಲ. ಹಾಗಾದಾಗ ಒತ್ತಿದವರನ್ನು ಯಾರೂ ದೂರಬಾರದು.

ಆಂಬುಲೆನ್ಸ್ ಸಿಬ್ಬಂದಿ ಬಂದು ವಹಿಸಿಕೊಳ್ಳುವವರೆಗೆ, ಅಥವಾ ರೋಗಿ ಅಲುಗಾಡಿ ಸಹಜವಾಗಿ ಉಸಿರಾಡುವವರೆಗೆ ಒತ್ತುತ್ತಿರಬೇಕು. ಉಸಿರಾಟ ಮರಳಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರನ್ನು ಗಮನಿಸುತ್ತಲೇ ಇರಬೇಕು. ಹೃದಯ ಮತ್ತೆ ನಿಲ್ಲಬಹುದು.

ಈಗ ವೇದಿಕೆಯ ಮೇಲಿರುವ ದಿಂಬನ್ನು ನೆಲಕ್ಕಿಡಲಾಗುವುದು. ಪ್ರತಿ ವಾರ್ಡಿನಿಂದ ಇಬ್ಬರಂತೆ ಜೋಡಿಯಾಗಿ ಮುಂದೆ ಬಂದು, ಎರಡೆರಡು ನಿಮಿಷ ಒತ್ತಿ, ಆಳು ಬದಲಾಯಿಸುವುದನ್ನೂ ಅಭ್ಯಾಸ ಮಾಡಬೇಕೆಂದು ಕೋರಲಾಗಿದೆ. ಆರೋಗ್ಯವಂತರ ಎದೆಯ ಮೇಲೆ ಯಾರೂ ಅಭ್ಯಾಸ ಮಾಡತಕ್ಕದ್ದಲ್ಲ. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಗಿರಣಿ, ಬಸ್ ನಿಲ್ದಾಣ ಇವುಗಳ ಬಳಿ ದಿನವೂ ಇರುವವರು ಮೊದಲು ಬರಲಿ. ಜನ ಸೇರುವ ಆ ಸ್ಥಳಗಳಲ್ಲಿ ಯಾರಾದರೂ ಬಿದ್ದರೆ, ಮೊದಲ ನಿಮಿಷದಲ್ಲಿ ಪಕ್ಕದಲ್ಲಿರುವವರು ಅವರೇ.