ಹೆಸರಿಡದ ಮಗುವಿಗೆ ಯಾವ ಸಂಸ್ಕಾರ?



ಕೆಲವು ವರ್ಷಗಳ ಹಿಂದೆ ಬಾಣಂತಿಯರ ಆರೋಗ್ಯವನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಒಂದು ಹಳ್ಳಿಗೆ ಹೋಗಿದ್ದೆವು. ಸೊಸೆಯ ಸಂದರ್ಶನ ಮುಗಿದು ದೀಪಗಳನ್ನು ಬಿಚ್ಚುತ್ತಿದ್ದಾಗ, ಅಲ್ಲಿಯವರೆಗೆ ಒಂದು ಮಾತೂ ಆಡದೆ ಕಂಬಕ್ಕೊರಗಿ ಕೂತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದರು. "ನನ್ನ ಮೊದಲನೇ ಕೂಸನ್ನ ಎಲ್ಲಿ ಹೂತರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ನೋಡಪ್ಪ" ಎಂದರು. ಆ ಮಾತಿಗೆ ಆಗ ನಲವತ್ತು ವರ್ಷ ಕಳೆದಿತ್ತು.

ಎಂಟನೇ ತಿಂಗಳಲ್ಲಿ ಮಗು ಸತ್ತು ಹುಟ್ಟಿತ್ತು. ಹಳೇ ಸೀರೆಯಲ್ಲಿ ಸುತ್ತಿ ಮೈದುನನ ಕೈಗೆ ಕೊಟ್ಟರು. ತಾಯಿಗೆ ಮುಖ ತೋರಿಸಲಿಲ್ಲ. ನೋಡಿದರೆ ಮನಸ್ಸು ಕೆಡುತ್ತದೆ ಎಂಬ ಕಾಳಜಿ. ಮೂರನೆಯ ದಿನ ಎದೆಯಲ್ಲಿ ಹಾಲು ಕಟ್ಟಿತು. ಹಾಗಾಗಬಹುದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಗಂಡನನ್ನು ಕೇಳಿದರೆ "ಆ ಮಾತು ಬೇಡ" ಎಂದು ಎದ್ದು ಹೋದರು.

ಆ ಮನೆಯವರು ಕ್ರೂರಿಗಳೇನಲ್ಲ. ಹಿರಿಯರಿಂದ ಬಂದ ಕಟ್ಟಳೆಯಂತೆ ನಡೆದುಕೊಂಡವರು. ಆ ಕಟ್ಟಳೆಯ ಒಳಗಿನ ತರ್ಕವನ್ನು ಸ್ವಲ್ಪ ನೋಡೋಣ.

ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಒಂದು ಜೀವ ಕುಲಕ್ಕೆ ಸೇರುವುದು ಒಂದೊಂದೇ ಸಂಸ್ಕಾರದಿಂದ. ಜಾತಕರ್ಮ, ನಾಮಕರಣ, ಚೌಲ, ಹೀಗೆ. ಸಂಸ್ಕಾರಗಳು ನಡೆಯದ ಶಿಶುವಿಗೆ ಅಂತ್ಯಸಂಸ್ಕಾರವೂ ಪೂರ್ತಿಯಾಗಿ ಇರುವುದಿಲ್ಲ. ಎರಡು ವರ್ಷ ತುಂಬದ ಮಗುವನ್ನು ಸುಡದೆ ಹೂಳಬೇಕು, ತರ್ಪಣ ಬೇಕಿಲ್ಲ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯ ಹೇಳುತ್ತದೆ. ಗರ್ಭಸ್ರಾವವಾದರೆ, ಗರ್ಭಕ್ಕೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿ ಆಶೌಚ. ಮೂರು ತಿಂಗಳಿಗೆ ಮೂರು ರಾತ್ರಿ. ಈ ಲೆಕ್ಕದಲ್ಲಿ ಹೆಂಗಸಿಗೆ ಅಷ್ಟಿಷ್ಟು ವಿಶ್ರಾಂತಿ ದೊರೆಯುತ್ತಿತ್ತು ಎಂಬುದು ನಿಜ. ಆದರೆ ಗಮನಿಸಿ, ಇಡೀ ವಿಧಿಯಲ್ಲಿ ತಾಯಿ ತನ್ನ ಕೈಯಾರೆ ಮಾಡುವಂಥದ್ದು ಏನೂ ಇಲ್ಲ. ಆಕೆ ದೂರ ಕೂತು ದಿನ ಎಣಿಸಬೇಕು, ಅಷ್ಟೆ. ಸಮಾಧಿಗೆ ಗುರುತೂ ಇಲ್ಲ, ವರ್ಷದ ತಿಥಿಯೂ ಇಲ್ಲ.

ಇಸ್ಲಾಮಿನಲ್ಲಿ ಗಡಿ ಬೇರೆ ಕಡೆ ಬೀಳುತ್ತದೆ. 120 ದಿನಗಳಿಗೆ, ಅಂದರೆ ನಾಲ್ಕು ತಿಂಗಳಿಗೆ ಭ್ರೂಣಕ್ಕೆ ಆತ್ಮ ಊದಲ್ಪಡುತ್ತದೆ ಎಂಬುದು ಹದೀಸಿನ ಆಧಾರದ ಸಾಮಾನ್ಯ ನಂಬಿಕೆ. ಹುಟ್ಟುವಾಗಲೇ ಜೀವವಿಲ್ಲದ, ಒಮ್ಮೆಯೂ ಅಳದ ಪೂರ್ಣರೂಪದ ಶಿಶುವಿಗೆ ಹನಫಿ ಪಂಥದಲ್ಲಿ ಹೆಸರಿಡುತ್ತಾರೆ, ಮೈ ತೊಳೆಯುತ್ತಾರೆ, ಬಟ್ಟೆಯಲ್ಲಿ ಸುತ್ತಿ ದಫನ ಮಾಡುತ್ತಾರೆ. ಜನಾಜಾ ನಮಾಜ್ ಮಾತ್ರ ಇಲ್ಲ. ಹಂಬಲಿ ಪಂಥದಲ್ಲಿ ನಾಲ್ಕು ತಿಂಗಳು ದಾಟಿದ ಶಿಶುವಿಗೆ ನಮಾಜೂ ಉಂಟು. ಸಹನೆಯಿಂದಿದ್ದ ತಾಯಿಯನ್ನು ಆ ಕೂಸು ತನ್ನ ಹೊಕ್ಕುಳಬಳ್ಳಿಯಿಂದಲೇ ಸ್ವರ್ಗಕ್ಕೆ ಎಳೆದುಕೊಂಡು ಹೋಗುತ್ತದೆ ಎಂಬ ಅರ್ಥದ ಹದೀಸನ್ನು ಹಿರಿಯ ಹೆಂಗಸರು ಸಮಾಧಾನಕ್ಕೆ ಹೇಳುತ್ತಾರೆ. ಹೆಸರು ಒಂದಿದ್ದರೆ ದುಃಖಕ್ಕೂ ಒಂದು ವಿಳಾಸ ಸಿಕ್ಕಂತಾಗುತ್ತದೆ ಎಂದು ನನಗೆ ಅನಿಸಿದ್ದು ಈ ಪದ್ಧತಿಯನ್ನು ತಿಳಿದಾಗ.

ಕ್ಯಾಥೊಲಿಕರ ತೊಡಕು ದೀಕ್ಷಾಸ್ನಾನದ್ದು. ಅದು ಬದುಕಿದ್ದವರಿಗೆ ಮಾತ್ರ. ದೀಕ್ಷೆಯಿಲ್ಲದೆ ಹೋದ ಶಿಶು ಸ್ವರ್ಗವೂ ಅಲ್ಲದ, ನರಕವೂ ಅಲ್ಲದ 'ಲಿಂಬೊ' ಎಂಬಲ್ಲಿರುತ್ತದೆ ಎಂಬ ಮಾತು ಎಷ್ಟೋ ತಾಯಂದಿರನ್ನು ಶತಮಾನಗಳ ಕಾಲ ಸುಟ್ಟಿತು. ಅದು ಅಧಿಕೃತ ಸಿದ್ಧಾಂತವಾಗಿರಲೇ ಇಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಇಂಥ ಶಿಶುಗಳಿಗೆ ಮುಕ್ತಿ ದೊರೆಯುತ್ತದೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದಿತು. ತಂದೆತಾಯಿಗೆ ದೀಕ್ಷೆ ಕೊಡಿಸುವ ಉದ್ದೇಶವಿದ್ದರೆ, ಬಿಷಪ್ಪರ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದೆಂದು 1983ರ ಚರ್ಚ್ ಸಂಹಿತೆಯೇ ಹೇಳಿದೆ.

ಜಪಾನಿನ ಬೌದ್ಧ ದೇವಾಲಯಗಳಲ್ಲಿ ಇಂಥ ಮಗುವಿಗೆ 'ಮಿಜುಕೊ', ಅಂದರೆ ನೀರಿನ ಮಗು ಎನ್ನುತ್ತಾರೆ. ಟೋಕಿಯೊದ ಜೊಜೊಜಿ ದೇವಾಲಯದ ಅಂಗಳದಲ್ಲಿ ಪುಟ್ಟ ಜಿಜೊ ವಿಗ್ರಹಗಳ ಸಾಲೇ ಇದೆ. ತಲೆಗೆ ಕೆಂಪು ಟೋಪಿ, ಪಕ್ಕದಲ್ಲಿ ಗಾಳಿಗೆ ತಿರುಗುವ ಗಿರಗಿಟ್ಟಲೆ. ನೋಡಲು ಮನಸ್ಸು ಕರಗುತ್ತದೆ. ಆದರೆ 1970ರ ದಶಕದಲ್ಲಿ ಈ ಪೂಜೆ ಹಬ್ಬಿದಾಗ, ಪೂಜೆ ಮಾಡಿಸದಿದ್ದರೆ ಮಗುವಿನ ಆತ್ಮ ಕಾಡುತ್ತದೆ ಎಂದು ಹೆದರಿಸಿ ಹಣ ಮಾಡಿದವರೂ ಇದ್ದರು. ಸಾಂತ್ವನದ ವಿಧಿ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಇದು ಗುರುತು: ತಾಯಿಯ ತಪ್ಪು ಎಂಬ ಮಾತು ಅದರೊಳಗೆ ನುಸುಳಿದಾಗ.

ಈ ತಪ್ಪಿನ ಮಾತಿಗೆ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನಾನು ಉತ್ತರ ಹೇಳಲೇಬೇಕು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿನ ಏರುಪೇರೇ ಕಾರಣ. ಅದು ಅಂಡ, ವೀರ್ಯಾಣುಗಳು ಕೂಡುವ ಹೊತ್ತಿಗೇ ಆಗಿಹೋದ ಲೆಕ್ಕದ ದೋಷ. ಆಕೆ ನೀರು ಸೇದಿದ್ದು, ಬಸ್ಸು ಹತ್ತಿದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಕಾರಣವಲ್ಲ. ಹಾಲು ಬರುವುದಕ್ಕೂ ಹೀಗೆಯೇ ದೇಹದ ಲೆಕ್ಕವಿದೆ. ಮಾಸು ಹೊರಬಿದ್ದೊಡನೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಅದೇ ಎದೆಗೆ ಸಂಕೇತ. ಮಗು ಬದುಕಿದೆಯೋ ಇಲ್ಲವೋ ಎಂದು ಆ ಸಂಕೇತ ಕೇಳುವುದಿಲ್ಲ. ತಣ್ಣೀರು ಬಟ್ಟೆ, ಎದೆಗೆ ಆಸರೆ ಕೊಡುವ ಒಳ ಉಡುಪು, ನೋವಿಗೆ ವೈದ್ಯರು ಹೇಳಿದ ಮಾತ್ರೆ ಸಾಕು. ಬಿಗಿಯಾಗಿ ಕಟ್ಟಬಾರದು, ಪದೇ ಪದೇ ಹಿಂಡಬಾರದು. ಜ್ವರ ಬಂದು ಎದೆ ಕೆಂಪಾದರೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಅಜ್ಜಿಯರು ಎದೆಗೆ ಮಲ್ಲಿಗೆ ಹೂ ಕಟ್ಟುತ್ತಿದ್ದರಲ್ಲ, ಅದನ್ನೂ ಪರೀಕ್ಷಿಸಿದ್ದಾರೆ. 1988ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಹಾಲು ತಗ್ಗಿಸುವುದರಲ್ಲಿ ಆ ಹೂವು ಆಗಿನ ಔಷಧಿಗೆ ಸರಿಸಮವಾಗಿ ನಿಂತಿತು.

ಇನ್ನು ಆಸ್ಪತ್ರೆಯ ವಿಷಯ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ, ಹೊರಗೆ ಬದುಕುವಷ್ಟು ಬೆಳೆಯದ ಭ್ರೂಣ ಹಳದಿ ಚೀಲಕ್ಕೆ ಸೇರುತ್ತದೆ. ಆದ್ದರಿಂದ ಮನೆಯವರು ತಾವೇ ಹೂಳಬೇಕೆಂದಿದ್ದರೆ ಅದನ್ನು ದಾದಿಯರಿಗೆ ಮೊದಲೇ ಹೇಳಿ ಕೇಳಿಕೊಳ್ಳಬೇಕು. ಮರುದಿನ ಕೇಳಿದರೆ ತಡವಾಗಿರುತ್ತದೆ. 28 ವಾರ ತುಂಬಿ ಸತ್ತು ಹುಟ್ಟಿದ ಶಿಶುವಿಗೆ ಜನನ ಮರಣ ನೋಂದಣಿಯಲ್ಲಿ ಪ್ರತ್ಯೇಕ ನಮೂನೆಯೇ ಇದೆ. ಆ ಕಾಗದವೊಂದೇ ಮಗು ಬಂದುಹೋದದ್ದಕ್ಕೆ ಸಾಕ್ಷಿಯಾಗಿ ಉಳಿಯುವ ಮನೆಗಳುಂಟು.

ಮಗುವಿನ ಮುಖ ತೋರಿಸಬೇಕೆ? ಇದರಲ್ಲಿ ತಜ್ಞರಿಗೂ ಒಮ್ಮತವಿರಲಿಲ್ಲ. ಎತ್ತಿಕೊಂಡವರಲ್ಲಿ ಮುಂದೆ ಖಿನ್ನತೆ ಹೆಚ್ಚಾಗಿತ್ತೆಂದು 2002ರಲ್ಲಿ ಬ್ರಿಟನ್ನಿನ ಒಂದು ಸಣ್ಣ ಅಧ್ಯಯನ ಹೇಳಿತು. ನೋಡದೆ ಹೋದೆನಲ್ಲ ಎಂದು ಕೊರಗಿದವರ ಅನುಭವ ಬೇರೆ ಅಧ್ಯಯನಗಳಲ್ಲಿ ಕಂಡಿತು. ಈಗ ವೈದ್ಯರು ಬಲವಂತ ಮಾಡುವುದಿಲ್ಲ, ತಡೆಯುವುದೂ ಇಲ್ಲ; ಮಗು ಹೇಗಿದೆ ಎಂದು ಮೊದಲು ಮಾತಿನಲ್ಲಿ ತಿಳಿಸಿ, "ನೋಡುತ್ತೀರಾ?" ಎಂದು ಕೇಳುತ್ತಾರೆ. ಬೇಡವೆಂದವರನ್ನು ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳುತ್ತಾರೆ.

ನಿಮ್ಮ ಅಕ್ಕನಿಗೋ ಅತ್ತಿಗೆಗೋ ಹೀಗಾದರೆ "ಇನ್ನೂ ವಯಸ್ಸಿದೆ, ಮತ್ತೊಂದಾಗುತ್ತೆ" ಎನ್ನಬೇಡಿ. "ಊಟ ತಂದಿದೀನಿ, ಸ್ವಲ್ಪ ಹೊತ್ತು ಕೂತಿರ್ತೀನಿ" ಎಂದರೆ ಸಾಕು. ಭಾವನನ್ನೂ ಮಾತಾಡಿಸಿ, ಅವರನ್ನು ಯಾರೂ ಕೇಳಿರುವುದಿಲ್ಲ.

ಆ ಹಳ್ಳಿಯ ತಾಯಿಯ ಮಾತನ್ನು ಅವರ ಮಗನೂ ಅಂದೇ ಮೊದಲ ಸಲ ಕೇಳಿಸಿಕೊಂಡದ್ದು. ಆ ಮೈದುನ ಇನ್ನೂ ಬದುಕಿದ್ದರು. ಮುಂದಿನ ವಾರ ಮಗ ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹಳೇ ಹೊಲದ ಬದುವಿಗೆ ಹೋದರಂತೆ. ಹೊಂಗೆಮರ ಬಿದ್ದುಹೋಗಿತ್ತು, ಬುಡ ಉಳಿದಿತ್ತು. ಅತ್ತೆ ಒಂದು ಲೋಟ ಹಾಲು ತಂದಿದ್ದರು. ಅದನ್ನು ಅಲ್ಲಿ ಸುರಿದು, ಮಗುವನ್ನು ಒಂದು ಹೆಸರು ಹಿಡಿದು ಕರೆದರು ಎಂದು ಸೊಸೆ ನನಗೆ ಪತ್ರ ಬರೆದಿದ್ದರು. ನಲವತ್ತು ವರ್ಷ ಆ ಹೆಸರು ಮನಸ್ಸಿನಲ್ಲೇ ಇತ್ತಂತೆ.